δ ಎಲ್ಲಿಂದ ಬಂತು?

ಸೋಮವಾರದ ಕಿರುಪರೀಕ್ಷೆಯ ನಾಲ್ಕನೇ ಪ್ರಶ್ನೆ ಹೀಗಿತ್ತು: x → 2 ಆದಾಗ 3x + 1 ರ ಮಿತಿ 7 ಎಂದು ε–δ ವ್ಯಾಖ್ಯೆಯಿಂದ ಸಾಧಿಸಿ. ಹೆಚ್ಚುಕಡಿಮೆ ಎಲ್ಲರ ಉತ್ತರ ಪತ್ರಿಕೆಯಲ್ಲೂ δ = ε/3 ಎಂಬ ಸಾಲು ಇತ್ತು. ಅದು ಎಲ್ಲಿಂದ ಬಂತು ಎಂದು ತೋರಿಸಿದವರು ಮಾತ್ರ ಬೆರಳೆಣಿಕೆಯಷ್ಟು. ಒಬ್ಬ ವಿದ್ಯಾರ್ಥಿನಿ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬರೆದಿದ್ದಳು: "ಇದು ಬಾಯಿಪಾಠ, ಅರ್ಥವಾಗಿಲ್ಲ." ಆ ಸಾಲಿಗಾಗಿಯೇ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಹಾಗೆ ಬರೆಯಲು ಧೈರ್ಯ ಬೇಕು, ನನಗೆ ಅದು ಬಹಳ ಹಿಡಿಸಿತು.

ಮೊದಲು ಪುಸ್ತಕ ಮುಚ್ಚಿ ಒಂದು ಆಟೋ ಹತ್ತೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. ಎರಡು ಕಿ.ಮೀ. ದಾಟಿದ ಮೇಲೆ ಬಾಡಿಗೆ 36 + 18(x − 2), ಅಂದರೆ 18x. ಮೀಟರ್ ಹಂತಹಂತವಾಗಿ ಜಿಗಿಯುತ್ತದೆ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಜಯನಗರದಿಂದ ಮಾರುಕಟ್ಟೆಯ ಕಡೆಗೆ 5 ಕಿ.ಮೀ. ಹೋದರೆ 90 ರೂಪಾಯಿ. ಆದರೆ ಚಾಲಕರು ಯಾವ ಅಡ್ಡರಸ್ತೆ ಹಿಡಿಯುತ್ತಾರೋ, ದೂರ ಕರಾರುವಾಕ್ಕಾಗಿ 5 ಆಗುವುದಿಲ್ಲ.

ಈಗ ನಿಮ್ಮ ಜೊತೆಯಲ್ಲಿ ಕುಳಿತ ಅಜ್ಜಿ ಹೇಳುತ್ತಾರೆ: "ಬಾಡಿಗೆ 90ಕ್ಕಿಂತ ಆಚೆ ಈಚೆ ಆದರೆ ಪರವಾಗಿಲ್ಲ, ಆದರೆ ವ್ಯತ್ಯಾಸ 9 ರೂಪಾಯಿ ಮುಟ್ಟಬಾರದು." ದೂರದಲ್ಲಿ ಎಷ್ಟು ವ್ಯತ್ಯಾಸ ಆಗಬಹುದು? 9 ಅನ್ನು 18ರಿಂದ ಭಾಗಿಸಿ: ಅರ್ಧ ಕಿ.ಮೀ.ಗಿಂತ ಕಡಿಮೆ. ಅಜ್ಜಿ ಇನ್ನೂ ಬಿಗಿ ಮಾಡಿ "1 ರೂಪಾಯಿ 80 ಪೈಸೆ" ಎಂದರೆ? ನೂರು ಮೀಟರ್‌ಗಿಂತ ಕಡಿಮೆ. ಅವರು ಏನೇ ಕೇಳಲಿ, ನಿಮ್ಮ ಬಳಿ ಉತ್ತರ ಸಿದ್ಧವಿದೆ: ಕೇಳಿದ್ದನ್ನು 18ರಿಂದ ಭಾಗಿಸಿ ಕೊಡುವುದು.

ಅಜ್ಜಿ ಕೇಳಿದ್ದು ε. ನೀವು ಕೊಟ್ಟದ್ದು δ. ಕೇಳುವುದು ಮೊದಲು, ಕೊಡುವುದು ಆಮೇಲೆ. ಈ ಕ್ರಮ ತಪ್ಪಿದರೆ ಇಡೀ ವ್ಯಾಖ್ಯೆ ಕುಸಿಯುತ್ತದೆ.

ಈಗ ವ್ಯಾಖ್ಯೆಯನ್ನೇ ಓದಿ. x → a ಆದಾಗ f(x) ನ ಮಿತಿ L ಎಂದರೆ: ಪ್ರತಿಯೊಂದು ε > 0 ಗೂ ಒಂದು δ > 0 ಸಿಗುತ್ತದೆ, 0 < |x − a| < δ ಆಗಿರುವ ಎಲ್ಲ x ಗಳಿಗೂ |f(x) − L| < ε ಆಗುತ್ತದೆ. ಇದರಲ್ಲಿ "ಸಮೀಪಿಸುತ್ತದೆ", "ಹತ್ತಿರ ಹೋಗುತ್ತದೆ" ಎಂಬ ಚಲನೆಯ ಮಾತು ಒಂದೂ ಇಲ್ಲ, ಗಮನಿಸಿದಿರಾ? ಕೋಶಿ 1821ರ ತನ್ನ ಪಠ್ಯದಲ್ಲಿ ಮಿತಿಯನ್ನು ಸಮೀಪಿಸುವ ಮಾತಿನಲ್ಲೇ ವಿವರಿಸಿದ್ದ. ಆಮೇಲೆ ವೈಯರ್‌ಸ್ಟ್ರಾಸ್ ಬರ್ಲಿನ್‌ನ ತನ್ನ ಪಾಠಗಳಲ್ಲಿ ಅದರ ಜಾಗದಲ್ಲಿ ಬರೀ ಅಸಮತೆಗಳನ್ನು ಇಟ್ಟ. ಏನೂ ಓಡುವುದಿಲ್ಲ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಕೊಡುತ್ತಾರೆ, ಅಷ್ಟೇ.

0 < |x − a| ಎಂಬ ಭಾಗ x = a ಅನ್ನು ಹೊರಗಿಡುತ್ತದೆ. ಮಿತಿಯ ಪ್ರಶ್ನೆ a ಯ ಅಕ್ಕಪಕ್ಕದ್ದು, a ಯದ್ದಲ್ಲ. ನಮ್ಮ ಸರಳರೇಖೆಗೆ ಇದರಿಂದ ವ್ಯತ್ಯಾಸವಾಗದಿದ್ದರೂ ಬರೆಯುವುದನ್ನು ಬಿಡಬೇಡಿ.

ಇನ್ನು ಪ್ರಶ್ನೆಗೆ ಬರೋಣ. ಮೊದಲು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಕಚ್ಚಾ ಲೆಕ್ಕ. ನಮಗೆ ಬೇಕಾದ್ದು |(3x + 1) − 7| < ε. ಎಡಭಾಗವನ್ನು ಬಿಡಿಸಿ:

|(3x + 1) − 7| = |3x − 6| = 3|x − 2|

ನೋಡಿ, |x − 2| ತಾನಾಗಿಯೇ ಹೊರಗೆ ಬಂತು. ನಮ್ಮ ಹಿಡಿತದಲ್ಲಿರುವುದು ಅದೊಂದೇ. 3|x − 2| < ε ಆಗಬೇಕಾದರೆ |x − 2| < ε/3 ಆದರೆ ಸಾಕು. δ ಹುಟ್ಟಿದ್ದು ಇಲ್ಲಿ. ಆಟೋದಲ್ಲಿ 18 ಮಾಡಿದ ಕೆಲಸವನ್ನು ಇಲ್ಲಿ 3 ಮಾಡುತ್ತಿದೆ. ಎರಡೂ ರೇಖೆಯ ಇಳಿಜಾರು.

ಕಚ್ಚಾ ಲೆಕ್ಕ ಬೇಕಾದ್ದರಿಂದ ಹಿಂದಕ್ಕೆ ನಡೆಯುತ್ತದೆ. ಸಾಧನೆ ಕೊಟ್ಟದ್ದರಿಂದ ಮುಂದಕ್ಕೆ ನಡೆಯಬೇಕು. ಉತ್ತರದಲ್ಲಿ ಬರೆಯಬೇಕಾದ್ದು ಇಷ್ಟು:

ಸಾಧನೆ. ε > 0 ಯಾವುದೇ ಆಗಿರಲಿ. δ = ε/3 ಎಂದು ಆರಿಸೋಣ; ε > 0 ಆದ್ದರಿಂದ δ > 0. ಈಗ 0 < |x − 2| < δ ಆಗಿರಲಿ. ಆಗ

|(3x + 1) − 7| = 3|x − 2| < 3δ = 3(ε/3) = ε.

ε ಯಾವುದೇ ಆಗಿದ್ದರಿಂದ, ವ್ಯಾಖ್ಯೆಯ ಪ್ರಕಾರ x → 2 ಆದಾಗ 3x + 1 ರ ಮಿತಿ 7. ∎

ಪತ್ರಿಕೆಗಳಲ್ಲಿ ಕಂಡ ಎರಡು ತಪ್ಪುಗಳ ಬಗ್ಗೆ ಹೇಳಲೇಬೇಕು. ಕೆಲವರು ಸಾಧನೆಯ ಮೊದಲ ಸಾಲಿನಲ್ಲೇ "|(3x + 1) − 7| < ε ಆಗಿರಲಿ" ಎಂದು ಬರೆದಿದ್ದಾರೆ. ಸಾಧಿಸಬೇಕಾದ್ದನ್ನೇ ಒಪ್ಪಿಕೊಂಡು ಹೊರಟರೆ ಸಾಧಿಸುವುದಕ್ಕೆ ಏನೂ ಉಳಿಯುವುದಿಲ್ಲ. ಮತ್ತೊಬ್ಬರು ε = 0.01 ಎಂದು ಹಿಡಿದು, δ = 0.003 ಎಂದು ಕೊಟ್ಟು, 3 × 0.003 = 0.009 ಎಂದು ತೋರಿಸಿ ನಿಲ್ಲಿಸಿದ್ದಾರೆ. ಲೆಕ್ಕದಲ್ಲಿ ತಪ್ಪಿಲ್ಲ, ಆ δ ಕೂಡ ಸರಿಯೇ. ε/3 ಗಿಂತ ಚಿಕ್ಕ δ ಯಾವುದಾದರೂ ನಡೆಯುತ್ತದೆ. ಆದರೆ ಅಜ್ಜಿಯ ಒಂದು ಬೇಡಿಕೆಯನ್ನು ಮಾತ್ರ ತೀರಿಸಿದಂತಾಯಿತು. ನಾಳೆ ಅವರು 0.001 ಕೇಳಿದರೆ 0.003 ಸಾಲದು.

ಇಳಿಜಾರು ಋಣವಾಗಿದ್ದರೆ ಚಿಹ್ನೆಯಲ್ಲಿ ಎಡವುತ್ತೀರಿ, ಎಚ್ಚರ. x → −1 ಆದಾಗ 5 − 2x ನ ಮಿತಿ 7. ಇಲ್ಲಿ |(5 − 2x) − 7| = |−2x − 2| = 2|x + 1|, ಮತ್ತು |x + 1| ಎಂದರೆ |x − (−1)|. ಹಾಗಾಗಿ δ = ε/2. −ε/2 ಎಂದು ಬರೆದವರು ಋಣ ಸಂಖ್ಯೆಯನ್ನು δ ಎಂದು ಕೊಟ್ಟಂತಾಯಿತು. ಸಾಮಾನ್ಯವಾಗಿ mx + c ಗೆ, m ≠ 0 ಆದಾಗ, δ = ε/|m|. m = 0 ಆದರೆ ವ್ಯತ್ಯಾಸವೇ ಸೊನ್ನೆ; ಆಗ δ = 1 ಎಂದರೂ ಆಯಿತು.

ವ್ಯಾಖ್ಯೆಗೆ ನಿಜವಾಗಿ ಹಲ್ಲು ಇದೆಯೇ ಎಂದು ನೋಡಬೇಕಾದರೆ ಸುಳ್ಳು ಮಿತಿಯೊಂದನ್ನು ಅದರ ಮುಂದಿಡಿ. x → 2 ಆದಾಗ 3x + 1 ರ ಮಿತಿ 8 ಎಂದು ಯಾರೋ ವಾದಿಸುತ್ತಾರೆ ಎನ್ನಿ. ಈಗ ಅಜ್ಜಿಯ ಜಾಗದಲ್ಲಿ ನೀವು ಕುಳಿತು ε = 1/2 ಕೇಳಿ. ಅವರು ಯಾವ δ ತಂದರೂ, 0 < |x − 2| < δ ಆಗಿರುವ, ಜೊತೆಗೆ 2ರಿಂದ 1/6 ಗಿಂತ ಕಡಿಮೆ ದೂರದಲ್ಲಿರುವ ಒಂದು x ಇದ್ದೇ ಇರುತ್ತದೆ. ಅಲ್ಲಿ 3x + 1 ಎಂಬುದು 7ರಿಂದ 1/2 ಗಿಂತ ಕಡಿಮೆ ದೂರದಲ್ಲಿರುತ್ತದೆ. ಹಾಗಾದರೆ 8ರಿಂದ 1/2 ಗಿಂತ ಹೆಚ್ಚು ದೂರ. ಅವರ δ ಸೋತಿತು, ಅದು ಯಾವುದೇ ಆಗಿದ್ದರೂ.

ಗುರುವಾರದ ತರಗತಿಗೆ ಬರುವ ಮೊದಲು x → 2 ಆದಾಗ x² ನ ಮಿತಿ 4 ಎಂಬುದಕ್ಕೆ ಕಚ್ಚಾ ಲೆಕ್ಕ ಮಾಡಿ ನೋಡಿ. |x² − 4| = |x − 2||x + 2| ಎಂದು ಬರುತ್ತದೆ. 3 ಇದ್ದ ಜಾಗದಲ್ಲಿ ಈ ಬಾರಿ |x + 2| ಕುಳಿತಿದೆ. δ = ε/|x + 2| ಎಂದು ಬರೆಯಲು ಕೈ ತುರಿಸುತ್ತದೆ, ಆದರೆ δ ಕೊಡುವ ಹೊತ್ತಿಗೆ x ಇನ್ನೂ ಬಂದಿರುವುದಿಲ್ಲ. ಏನು ಮಾಡಬಹುದು ಎಂದು ಯೋಚಿಸಿಕೊಂಡು ಬನ್ನಿ. ಅರ್ಧ ದಾರಿ ಹೋಗಿದ್ದರೂ ಆ ಹಾಳೆಯನ್ನು ತನ್ನಿ.