ನಿನ್ನೆಯಷ್ಟೇ ತೂಕ

ಬೆಳಿಗ್ಗೆ ಏಳೂವರೆಗೇ ಅಜ್ಜಿ ಸಿಂಚನಾಳ ಸೊಂಟಕ್ಕೆ ಹಳೇ ಸೀರೆಯ ತುಂಡೊಂದನ್ನು ಕಟ್ಟಿದರು. ಮುಂದೆ ಚೀಲದ ಹಾಗೆ ಮಡಚಿ, ತುದಿ ಸಿಕ್ಕಿಸಿದರು.

"ಇವತ್ತು ನಿಂಗೆ ಒಂದೇ ಕೆಲಸ. ಕೆಂಪಗಿರೋದನ್ನ ಮಾತ್ರ ಕುಯ್ಯಿ. ಹಸಿರು ಮುಟ್ಟಬೇಡ."

"ಅಷ್ಟೇನಾ ಅಜ್ಜಿ?"

"ಅಷ್ಟೇ. ಮಾಡಿ ನೋಡು, ಆಮೇಲೆ ಹೇಳು."

ಸಿಂಚನಾಗೆ ಹತ್ತು ವರ್ಷ. ಡಿಸೆಂಬರ್ ರಜೆಗೆ ಅಪ್ಪ ಅವಳನ್ನು ಮೂಡಿಗೆರೆ ಹತ್ತಿರದ ಅಜ್ಜಿ ಮನೆಯಲ್ಲಿ ಬಿಟ್ಟು ಬೆಂಗಳೂರಿಗೆ ವಾಪಸ್ ಹೋಗಿದ್ದ. ಹಿಂದೆಲ್ಲ ಬಂದಿದ್ದು ಬೇಸಿಗೆಯಲ್ಲೇ. ಆಗ ಕಾಫಿ ಗಿಡಗಳಲ್ಲಿ ಎಲೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಈಗ ರೆಕ್ಕೆ ಅಂತ ಕರೆಯುವ ಪ್ರತಿ ಕೊಂಬೆಯಲ್ಲೂ ಗೆಣ್ಣು ಗೆಣ್ಣಿಗೆ ಹಣ್ಣು ಅಂಟಿಕೊಂಡು ನಿಂತಿತ್ತು. ಸಿಲ್ವರ್ ಓಕ್ ಮರಗಳ ಮೇಲಿಂದ ಇಬ್ಬನಿ ಟಪ್ ಟಪ್ ಅಂತ ಬೀಳುತ್ತಿತ್ತು.

"ಜಿಗಣೆ ಇದೆಯಾ?"

"ಜಿಗಣೆ ಮಳೆಗಾಲಕ್ಕೆ. ಈಗ ಚಗಳಿ ಇರುವೆ ನೋಡ್ಕೋ. ಎಲೆ ಸುತ್ತಿ ಗೂಡು ಕಟ್ಟಿರುತ್ತೆ. ಆ ಗಿಡದ ಹತ್ರ ನಂಗೆ ಹೇಳು, ಕೈ ಹಾಕಬೇಡ."

ಮೊದಲ ಗಿಡದ ಮುಂದೆ ನಿಂತಾಗಲೇ ಸಿಂಚನಾಗೆ ಗೊತ್ತಾಯಿತು, ಕೆಂಪು ಅನ್ನುವುದು ಒಂದು ಬಣ್ಣ ಅಲ್ಲ ಅಂತ. ಒಂದೇ ಗೊಂಚಲಲ್ಲಿ ಒಂದು ಹಸಿರು, ಒಂದು ಹಳದಿ, ಎರಡು ಕಿತ್ತಳೆ, ಮೂರು ಕೆಂಪು. ಪಕ್ಕದಲ್ಲಿ ಕಪ್ಪಾಗಿ ಸುಕ್ಕು ಹಿಡಿದದ್ದು ಇನ್ನೊಂದು. ಅವಳು ಕಿತ್ತಳೆ ಬಣ್ಣದ್ದನ್ನು ಮುಟ್ಟಿ ಅಜ್ಜಿ ಕಡೆ ನೋಡಿದಳು.

"ಒತ್ತಿ ನೋಡು."

ಒತ್ತಿದಳು. ಕಲ್ಲಿನ ಹಾಗಿತ್ತು.

"ಈಗ ಇದನ್ನ ಒತ್ತು."

ಅಜ್ಜಿ ಕೊಟ್ಟ ಹಣ್ಣು ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಎರಡು ಬೆರಳ ಮಧ್ಯೆ ಮೆಲ್ಲಗೆ ಒತ್ತಿದ ಕೂಡಲೇ ಪಿಚಕ್ ಅಂತ ಬೀಜ ಹೊರಗೆ ಬಂತು. ಒಂದಲ್ಲ, ಎರಡು. ಚಪ್ಪಟೆ ಮೈ ಒಂದಕ್ಕೊಂದು ತಾಗಿಸಿಕೊಂಡು, ಲೋಳೆ ಲೋಳೆಯಾಗಿ.

"ಬಾಯಿಗೆ ಹಾಕ್ಕೋ. ಅಗಿಬೇಡ, ಸುಮ್ನೆ ಚೀಪು."

"ಸಿಹಿ ಇದೆ!" ಸಿಂಚನಾಗೆ ಆಶ್ಚರ್ಯ. "ಕಾಫಿ ರುಚಿನೇ ಇಲ್ವಲ್ಲ?"

"ಅದು ಹುರಿದ ಮೇಲೆ. ಈಗ ಈ ಸಿಹಿ ಇದ್ರೆ ಹಣ್ಣಾಗಿದೆ ಅಂತ. ಹಸಿರು ಸೇರಿದ್ರೆ ಆಮೇಲೆ ಏನು ಮಾಡಿದ್ರೂ ಲೋಟದಲ್ಲಿ ಒಗರು ಹೋಗಲ್ಲ."

ಕುಯ್ಯುವುದಕ್ಕೂ ಒಂದು ಕ್ರಮ ಇತ್ತು. ಎಡಗೈಯಲ್ಲಿ ರೆಕ್ಕೆ ಹಿಡಿದು ಬಗ್ಗಿಸಬೇಕು. ಬಲಗೈಯ ಹೆಬ್ಬೆರಳು, ತೋರುಬೆರಳಲ್ಲಿ ಹಣ್ಣನ್ನು ಹಿಡಿದು ಸ್ವಲ್ಪ ತಿರುಗಿಸಬೇಕು. ಅದು ತಾನಾಗೇ ಕೈಗೆ ಬರುತ್ತದೆ. ಸಿಂಚನಾ ಮೊದಮೊದಲು ಇಡೀ ಗೊಂಚಲನ್ನೇ ಹಿಡಿದು ಎಳೆದಳು. ಎಲೆಯೂ ಬಂತು, ಹಸಿರು ಕಾಯಿಯೂ ಬಂತು, ಒಂದು ಸಲ ರೆಕ್ಕೆಯೇ ಚಟ್ ಅಂತ ಮುರಿಯಿತು. ಅಜ್ಜಿ ಬೈಯಲಿಲ್ಲ. ಮುರಿದ ರೆಕ್ಕೆಯನ್ನು ಎತ್ತಿಕೊಂಡು ಅದರಲ್ಲಿದ್ದ ಹಸಿರು ಕಾಯಿಗಳನ್ನು ಒಂದೊಂದಾಗಿ ಎಣಿಸಿದರು. ಹತ್ತೊಂಬತ್ತು. "ಇವಕ್ಕೆ ಇನ್ನು ಹದಿನೈದು ದಿನ ಸಿಕ್ಕಿದ್ರೆ ಸಾಕಿತ್ತು" ಅಂದರು. ಅಷ್ಟೇ. ಆಮೇಲೆ ಸಿಂಚನಾ ಒಂದೂ ರೆಕ್ಕೆ ಮುರಿಯಲಿಲ್ಲ.

ಆಚೆ ಸಾಲಲ್ಲಿ ಲಕ್ಷ್ಮಕ್ಕ ಕುಯ್ಯುತ್ತಿದ್ದಳು. ಅವಳ ಎರಡೂ ಕೈ ಒಟ್ಟಿಗೆ ಓಡುತ್ತಿದ್ದವು. ನೋಡದೆಯೇ ಕುಯ್ಯುತ್ತಿದ್ದಾಳೆ ಅನ್ನಿಸುತ್ತಿತ್ತು. ಆದರೂ ಬುಟ್ಟಿಯಲ್ಲಿ ಹಸಿರು ಹುಡುಕಿದರೆ ಸಿಗುತ್ತಿರಲಿಲ್ಲ. ಈ ಕೈಗಳನ್ನು ನೋಡಿದವರು ಯಾರೂ ಕಾಫಿ ಕುಯ್ಯುವುದನ್ನು ಸುಲಭದ ಕೆಲಸ ಅಂತ ಕರೆಯಲಾರರು.

"ಅಮ್ಮಾ, ಪುಟ್ಟಮ್ಮ ನೆಲದಲ್ಲಿ ಬಿದ್ದಿದ್ದು ಬಿಟ್ಕೊಂಡು ಬರ್ತಿದಾಳೆ" ಅಂತ ಲಕ್ಷ್ಮಕ್ಕ ಸಿಂಚನಾಳನ್ನು ತೋರಿಸಿ ಕೂಗಿದಳು.

"ಹೆಕ್ಕು ಮಗಾ. ಬಿದ್ದಿದ್ದು ಬೇರೆ ಚೀಲಕ್ಕೆ. ಬಿಟ್ರೆ ಕಾಯಿಕೊರಕ ಅದರಲ್ಲೇ ಮನೆ ಮಾಡಿ ಬರೋ ವರ್ಷದ ಬೆಳೆಗೆ ಕಾಯ್ತಾ ಕೂತಿರುತ್ತೆ."

ಅಜ್ಜಿ ಒಂದು ಹಣ್ಣಿನ ತುದಿಯಲ್ಲಿದ್ದ ತೂತು ತೋರಿಸಿದರು. ಸೂಜಿ ಚುಚ್ಚಿದ ಹಾಗಿತ್ತು. ಅಷ್ಟು ಸಣ್ಣ ತೂತಿನಲ್ಲಿ ಒಂದು ಹುಳ ಓಡಾಡುತ್ತದೆ ಅಂದರೆ ಸಿಂಚನಾಗೆ ನಂಬಲು ಆಗಲಿಲ್ಲ.

ಸಂಜೆ ತಕ್ಕಡಿಗೆ ಹಾಕಿದಾಗ ಸಿಂಚನಾಳ ಹಣ್ಣು ಆರೂವರೆ ಕೆಜಿ ಬಂತು. ಲಕ್ಷ್ಮಕ್ಕನದು ಅದರ ಹತ್ತು ಪಟ್ಟು.

"ಆರೂವರೆ ಕೆಜಿ ಕಾಫಿಪುಡಿ ಆಗುತ್ತಾ ಅಜ್ಜಿ?"

"ಅಯ್ಯೋ, ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ. ಹುರಿದ್ರೆ ಅದೂ ಇನ್ನಷ್ಟು ಇಳಿಯುತ್ತೆ. ಉಳಿದಿದ್ದೆಲ್ಲ ಸಿಪ್ಪೆ, ನೀರು."

ಮನೆ ಮುಂದಿನ ಕಣ ಸಿಮೆಂಟಿನದು. ಅಜ್ಜಿ ಮದುವೆಯಾಗಿ ಬಂದಾಗ ಅದು ಸಗಣಿ ಸಾರಿಸಿದ ಮಣ್ಣಿನ ಕಣವಾಗಿತ್ತಂತೆ. ಈಗ ಅದರ ತುಂಬಾ ಹಣ್ಣು ಹರಡಿತ್ತು. ಒಂದೊಂದು ದಿನದ್ದು ಒಂದೊಂದು ಕಡೆ. ಇವತ್ತಿನದು ಕೆಂಪು, ನಾಲ್ಕು ದಿನದ್ದು ಕಂದು, ಹತ್ತು ದಿನದ್ದು ಕಪ್ಪು. ಒಂದಕ್ಕೊಂದು ಬೆರೆಸುವ ಹಾಗಿಲ್ಲ. ಬೆರೆಸಿದರೆ ಒಣಗಿದ್ದು ಹಸಿಯ ನೀರು ಕುಡಿದು ಎರಡೂ ಕೆಡುತ್ತವೆ.

ಅಜ್ಜಿ ಕಣದ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಎಳೆದರು.

"ಇದು ನಿಂದು. ನೀನೇ ಹರಡು, ನೀನೇ ತಿರುವು, ನೀನೇ ಮುಚ್ಚು."

ಮಾರನೇ ದಿನದಿಂದ ಸಿಂಚನಾಗೆ ಕೆಲಸವೇ ಕೆಲಸ. ಬಿಸಿಲು ಏರಿದ ಮೇಲೆ ಹಣ್ಣನ್ನು ತೆಳ್ಳಗೆ ಹರಡಬೇಕು. ಗಂಟೆಗೊಂದು ಸಲ ಗೋರುಮಣೆಯಿಂದ ತಿರುವಬೇಕು. ಸಂಜೆ ಇಬ್ಬನಿ ಇಳಿಯುವ ಮೊದಲು ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು. ದೊಡ್ಡ ತೋಟದವರು ಹಣ್ಣನ್ನು ಪಲ್ಪರ್‌ಗೆ ಹಾಕಿ, ಸಿಪ್ಪೆ ತೆಗೆದು, ತೊಳೆದು ಬೀಜ ಒಣಗಿಸುತ್ತಾರೆ. ಅದಕ್ಕೆ ನೀರು ಜಾಸ್ತಿ ಬೇಕು. ಅಜ್ಜಿಯ ಮನೆಯಲ್ಲಿ ಹಣ್ಣನ್ನು ಇಡಿಯಾಗಿಯೇ ಒಣಗಿಸುವುದು. ಹಾಗೆ ಒಣಗಿದ್ದಕ್ಕೆ ಚೆರಿ ಅಂತಲೇ ಹೆಸರು.

"ಎಷ್ಟು ದಿನ?"

"ಅರೇಬಿಕಾ ಅಲ್ವಾ, ಒಳ್ಳೇ ಬಿಸಿಲಿದ್ರೆ ಹನ್ನೆರಡು, ಹದಿನೈದು ದಿನ. ರೊಬಸ್ಟಾಗೆ ಇನ್ನೂ ಜಾಸ್ತಿ."

"ಒಣಗಿದೆ ಅಂತ ಹೆಂಗೆ ಗೊತ್ತಾಗುತ್ತೆ?"

ಅಜ್ಜಿ ಒಳಗಿನಿಂದ ಹಿತ್ತಾಳೆಯ ಸೇರು ತಂದರು. ಅಂಚು ಒಂದು ಕಡೆ ಸ್ವಲ್ಪ ನೆಗ್ಗಿತ್ತು. ಕಪ್ಪಾಗಿದ್ದ ಹಳೇ ರಾಶಿಯಿಂದ ಒಂದು ಹಿಡಿ ಅದಕ್ಕೆ ಹಾಕಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಲಗಲ.

"ಒಳಗೆ ಬೀಜ ಸಡಿಲ ಆಗಿರುತ್ತೆ. ಆದ್ರೆ ಸದ್ದನ್ನೇ ನಂಬಬಾರದು. ದಿನಾ ಇದೇ ಸೇರು ತುಂಬಿ, ಅಂಚಿಗೆ ಸಮ ಮಾಡಿ, ತೂಕ ನೋಡ್ಬೇಕು. ಒಣಗ್ತಾ ಇರೋ ತನಕ ತೂಕ ಇಳೀತಾ ಇರುತ್ತೆ. ಯಾವತ್ತು ಎರಡು ದಿನ ಒಂದೇ ತೂಕ ಬರುತ್ತೋ, ಅವತ್ತು ಆಯ್ತು."

ಸಿಂಚನಾ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಳು. ರಫ್ ಪುಸ್ತಕದಲ್ಲಿ ಒಂದು ಪುಟ ಮಾಡಿದಳು. ಸಂಜೆ ಮುಚ್ಚುವ ಮೊದಲು ಸೇರು ತುಂಬುವುದು, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡುವುದು, ಸೇರಿನ ತೂಕ ಕಳೆದು ಬರೆಯುವುದು. 618 ಗ್ರಾಂ. 597. 571. 548.

ಐದನೇ ದಿನ ಪಕ್ಕದ ಮನೆಯ ಹುಡುಗರು ಆಟಕ್ಕೆ ಬಂದರು. ಕತ್ತಲಾಗುವ ತನಕ ಆಡಿದಳು. ಕೈಕಾಲು ತೊಳೆದು ಅಕ್ಕಿ ರೊಟ್ಟಿ ತಿಂದು ಮಲಗಿದಳು. ಅಜ್ಜಿಗೆ ಅವತ್ತು ಮಂಡಿನೋವು, ಬೇಗ ಮಲಗಿದ್ದರು. ದೊಡ್ಡ ರಾಶಿಗಳನ್ನು ಲಕ್ಷ್ಮಕ್ಕ ಮುಚ್ಚಿ ಹೋಗಿದ್ದಳು. ಮೂಲೆಯ ಚೌಕ ಸಿಂಚನಾಳದು, ಅವಳೇ ಮುಚ್ಚುತ್ತಾಳೆ ಅಂತ ಬಿಟ್ಟಿದ್ದಳು.

ರಾತ್ರಿ ಹೆಂಚಿನ ಮೇಲೆ ಸಣ್ಣಗೆ ಸದ್ದಾಯಿತು. ಸಮುದ್ರದ ಕಡೆ ಎಲ್ಲೋ ವಾಯುಭಾರ ಕುಸಿದರೆ ಡಿಸೆಂಬರಿನಲ್ಲೂ ಇಲ್ಲಿ ಹೀಗೆ ಹನಿ ಬೀಳುವುದುಂಟು. ಕುಯ್ಲಿನ ಕಾಲದಲ್ಲಿ ಆ ಸದ್ದಿಗೆ ಬೆಳೆಗಾರರ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಸಿಂಚನಾಗೆ ಮಾತ್ರ ಒಳ್ಳೇ ನಿದ್ದೆ.

ಬೆಳಿಗ್ಗೆ ಎದ್ದು ಓಡಿದಳು. ಚೌಕದ ಹಣ್ಣೆಲ್ಲ ಒದ್ದೆ. ಮಧ್ಯಾಹ್ನದ ತನಕ ತಿರುವಿ ತಿರುವಿ ಸಾಕಾಯಿತು. ಸಂಜೆ ಸೇರು ತುಂಬಿ ಇಟ್ಟಳು.

"ಅಜ್ಜಿ, 566! ನಿನ್ನೆ ಬರೆದೇ ಇಲ್ಲ, ಮೊನ್ನೆ 548 ಇತ್ತು. ಜಾಸ್ತಿ ಆಗಿದೆ!"

ಒಂದು ಕ್ಷಣ ಅವಳ ದನಿಯಲ್ಲಿ ಖುಷಿಯೂ ಇತ್ತು.

"ಜಾಸ್ತಿ ಆಗಿರೋದು ಕಾಫಿ ಅಲ್ಲ ಮಗಾ. ನೀರು."

ಸಿಂಚನಾಳ ಕಣ್ಣು ತುಂಬಿತು. "ಎಲ್ಲ ಹಾಳಾಯ್ತಾ?"

"ಇಲ್ಲ. ಕೂತ್ಕೋ ಇಲ್ಲಿ."

ಅಜ್ಜಿ ಮಂಡಿ ಹಿಡಿದುಕೊಂಡು ಕಣದ ಅಂಚಿನಲ್ಲಿ ಕೂತರು. ಒಂದು ಮೊರದಲ್ಲಿ ಹಣ್ಣು ತುಂಬಿಕೊಂಡರು. ಒಂದಕ್ಕೊಂದು ಅಂಟಿಕೊಂಡಿದ್ದನ್ನು ಬಿಡಿಸಿದರು. ಒಂದನ್ನು ಮೂಗಿನ ಹತ್ತಿರ ಹಿಡಿದು ಸಿಂಚನಾಗೂ ಮೂಸಲು ಕೊಟ್ಟರು. ಒದ್ದೆ ಗೋಣಿಚೀಲದ ವಾಸನೆ.

"ಈ ವಾಸನೆ ಬಂದಿದ್ದು, ಬೆಳ್ಳಗೆ ಬೂಷ್ಟು ಹಿಡಿದಿದ್ದು ಆ ಕಡೆ. ಬರೀ ಒದ್ದೆ ಆಗಿರೋದು ಈ ಕಡೆ."

ಎರಡು ದಿನ ಆರಿಸಿದರು. ಮೂರು ಹಿಡಿಯಷ್ಟು ಹೋಯಿತು. ಉಳಿದದ್ದನ್ನು ಇನ್ನೂ ತೆಳ್ಳಗೆ ಹರಡಿದರು. ಬಿಸಿಲು ಮತ್ತೆ ಚೆನ್ನಾಗಿ ಬಂತು. 540. 519. 496. ಸಿಂಚನಾ ಈಗ ನಾಲ್ಕೂವರೆಗೇ ಟಾರ್ಪಾಲ್ ಹಿಡಿದು ಕಣದಲ್ಲಿ ನಿಂತಿರುತ್ತಿದ್ದಳು. ಆಟಕ್ಕೆ ಬಂದ ಹುಡುಗರೂ ಒಂದೊಂದು ತುದಿ ಹಿಡಿಯುತ್ತಿದ್ದರು.

ಹನ್ನೊಂದನೇ ದಿನ ಅಪ್ಪ ಕಾರು ತಂದ. ಶಾಲೆ ಸೋಮವಾರ ಶುರು.

"ಇನ್ನೂ ಒಣಗಿಲ್ಲ" ಅಂದಳು ಸಿಂಚನಾ. "ಇನ್ನೂ ಇಳೀತಾನೇ ಇದೆ. ಈಗ ಹೆಂಗೆ ಹೋಗೋದು?"

"ನಾನು ತಿರುವ್ತೀನಿ. ಲಕ್ಷ್ಮಕ್ಕ ಮುಚ್ತಾಳೆ. ದಿನಾ ತೂಕ ಹೇಳ್ತೀನಿ, ನೀನು ಬರ್ಕೋ."

"ಸೇರು ಅಂಚಿಗೆ ಸಮ ಮಾಡ್ಬೇಕು. ನೆಗ್ಗಿರೋ ಕಡೆನೂ."

"ಆಯ್ತು ಮಾರಾಯ್ತಿ."

ಬೆಂಗಳೂರಿನಲ್ಲಿ ದಿನಾ ಸಂಜೆ ಆರಕ್ಕೆ ಸಿಂಚನಾ ರಫ್ ಪುಸ್ತಕ ತೆರೆದು ಫೋನ್ ಪಕ್ಕ ಕೂರುತ್ತಿದ್ದಳು. ಅಜ್ಜಿಗೆ ಕನ್ನಡಕ ಹುಡುಕಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. 462. 449. 440. ಒಂದು ದಿನ ತೋಟದ ಕಡೆ ಸಿಗ್ನಲ್ ಇರಲಿಲ್ಲ, ಮರುದಿನ ಎರಡೂ ಒಟ್ಟಿಗೆ ಸಿಕ್ಕವು. 435. 432.

ಆಮೇಲಿನ ದಿನ ಅಜ್ಜಿಯೇ ಫೋನ್ ಮಾಡಿದರು, ಐದೂಮುಕ್ಕಾಲಿಗೆ.

"ಪುಸ್ತಕ ತಗೊಂಡ್ಯಾ?"

"ತಗೊಂಡೆ. ಎಷ್ಟು?"

"ನೀನೇ ಹೇಳು, ನಿನ್ನೆ ಎಷ್ಟಿತ್ತು?"

"432."

ಆ ಕಡೆ ಅಜ್ಜಿ ಮಾತಾಡಲಿಲ್ಲ. ಫೋನಿನ ಹತ್ತಿರವೇ ಸೇರು ಅಲ್ಲಾಡಿಸಿದ ಸದ್ದು ಬಂತು. ಗಲಗಲ.

ಸಿಂಚನಾ ಮತ್ತೊಮ್ಮೆ 432 ಅಂತ ಬರೆದು, ಕೆಳಗೆ ಗೆರೆ ಎಳೆದಳು.