ಆರು ಕ್ವಿಂಟಲ್ ಬಂದ ವರ್ಷ

ಮೇ ತಿಂಗಳು ಮುಗಿಯುವುದರೊಳಗೆ ಹೊಲ ಗುತ್ತಿಗೆಗೆ ಹಿಡಿಯುವ ಲಾವಣಿಯ ಮಾತು ಪಕ್ಕಾ ಆಗಬೇಕಿತ್ತು. ಹಳ್ಳದ ದಂಡೆಗೆ ಹತ್ತಿದ ಬಸಣ್ಣನ ನಾಲ್ಕು ಎಕರೆ, ಎಕರೆಗೆ ಹನ್ನೆರಡು ಸಾವಿರ. ಮಲ್ಲಣ್ಣ ಮನಸ್ಸಿನಲ್ಲಿ ಹೂಂ ಅಂದಾಗಿತ್ತು.

"ಎಕರೆಕ್ಕ ಆರು ಕ್ವಿಂಟಲ್ ತೊಗರಿ ಬೆಳದೀವಿ ತಮ್ಮಾ. ಏಳು ಸಾವಿರದ ರೇಟ್ ಹಿಡಿದ್ರೂ ಲಾವಣಿ, ಖರ್ಚು ಎಲ್ಲಾ ಹೋಗಿ ಹದಿನಾರು ಸಾವಿರ ಉಳೀತದ."

ಮಗ ಶರಣು ಗೋಡೆಯ ಮಾಡದಿಂದ ಲೆಕ್ಕದ ವಹಿ ತೆಗೆದ. ಪ್ರತಿ ವರ್ಷ ರಾಶಿ ಆದ ಮೇಲೆ ಎಕರೆಗೆ ಎಷ್ಟು ಕ್ವಿಂಟಲ್ ತೊಗರಿ ಬಂತೆಂದು ಅಪ್ಪ ಒಂದು ಸಾಲು ಬರೆದಿದ್ದ: 2019ಕ್ಕೆ 4.5, 2020ಕ್ಕೆ 6.2, 2021ಕ್ಕೆ 5, 2022ಕ್ಕೆ 3. ನಾಲ್ಕು ವರ್ಷವೂ ಅದೇ ಎಂಟು ಎಕರೆ ಎರಿ ಹೊಲ, ಅದೇ ಟಿಎಸ್-3ಆರ್ ಬೀಜ. 2022ರಲ್ಲಿ ನೆಟೆ ರೋಗ ಬಿದ್ದು ಹೂವು-ಕಾಯಿ ಹೊತ್ತ ಗಿಡ ನಿಂತಲ್ಲೇ ಒಣಗಿದ್ದು ಜೇವರ್ಗಿ ಕಡೆ ಎಲ್ಲರಿಗೂ ಗೊತ್ತು. ಆ 3 ಅವನಿಗೆ ಒಗಟಾಗಲಿಲ್ಲ. ಕಣ್ಣಿಗೆ ಚುಚ್ಚಿದ್ದು 6.2.

ಮಾರಿದ ಕಾಳಿನ ತೂಕ ಬರೆದ, ಗಂಜಿನ ಅಡತಿ ಅಂಗಡಿಯ ತಕಪಟ್ಟಿಗಳನ್ನು ಅವ್ವ ಒಂದು ತಂತಿಗೆ ಪೋಣಿಸಿ ಇಟ್ಟಿದ್ದಳು. ಶರಣು ವರ್ಷವಾರು ಬಿಡಿಸಿ ತೂಕ ಕೂಡಿಸಿದ. 2021ರದ್ದು 40 ಕ್ವಿಂಟಲ್. 2020ರದ್ದು 31. ಮನೆಗೆಂದು ಇಟ್ಟುಕೊಂಡ ಕಾಳು ಎರಡೂ ವರ್ಷ ಹೆಚ್ಚುಕಮ್ಮಿ ಒಂದೇ, ಅದನ್ನು ಅಪ್ಪ ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅಪ್ಪಾ, ನಲವತ್ತು ಬಂದ ವರ್ಷ ಎಕರೆಕ್ಕ ಐದು, ಮೂವತ್ತೊಂದು ಬಂದ ವರ್ಷ ಆರರ ಮ್ಯಾಲ ಹೆಂಗಾತು?"

"ಆ ವರ್ಷ ಐದೇ ಎಕರೆ ರಾಶಿ ಮಾಡೀವಲ್ಲ. ತಗ್ಗಿನ ಮೂರು ಎಕರೆ ನೀರಾಗ ಹೋತು."

2020ರ ಅಕ್ಟೋಬರ್. ಭೀಮಾ ತುಂಬಿ ಹಳ್ಳದ ನೀರನ್ನು ಒಳಗೆ ಬಿಡದೆ ಹಿಂದಕ್ಕೆ ತಳ್ಳಿತ್ತು. ತೊಗರಿ ಹೂವಿಗೆ ಬಂದ ಹೊತ್ತು. ಕರಿ ಮಣ್ಣು ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಮೊದಲು ಎಲೆ ಹಳದಿಯಾಯಿತು, ಹೂವು ಉದುರಿತು, ಆಮೇಲೆ ಗಿಡ ಕಿತ್ತರೆ ಕೊಳೆತ ಬೇರಿನ ಸಿಪ್ಪೆ ಕೈಗೇ ಬರುತ್ತಿತ್ತು. ಹರಗಿ, ನವೆಂಬರ್‌ನಲ್ಲಿ ಕಡಲೆ ಬಿತ್ತಿದ್ದರು. ವಹಿಯಲ್ಲಿ ಕಡಲೆ ಬೇರೆ ಪುಟದಲ್ಲಿತ್ತು. ತೊಗರಿಯ ಪುಟದಲ್ಲಿ ಆ ಮೂರು ಎಕರೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ.

ಶರಣು 31ನ್ನು ಎಂಟರಿಂದ ಭಾಗಿಸಿದ: 3.9. ಅತ್ಯುತ್ತಮ ವರ್ಷ ಎಂದು ಮನೆಯವರೆಲ್ಲ ನಂಬಿದ್ದು ನೆಟೆ ಬಿದ್ದ ವರ್ಷ ಬಿಟ್ಟರೆ ಎಲ್ಲಕ್ಕಿಂತ ಕಮ್ಮಿ. ನಾಲ್ಕು ವರ್ಷದ ಸರಾಸರಿಯೂ ಇಳಿಯಿತು. ವಹಿಯ ಅಂಕಿ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 4.7. ಒಟ್ಟು 131 ಕ್ವಿಂಟಲ್‌ಗೆ ಬಿತ್ತಿದ್ದು 32 ಎಕರೆ, ಅಂದರೆ 4.1.

"ಬಿತ್ತಿದ ಬೀಜ, ಗೊಬ್ಬರ, ಎಡೆ ಹೊಡೆದ ಕೂಲಿ ಎಂಟಕ್ಕೂ ಕೊಟ್ಟೀವಿ," ಅಂದ. "ಬೆಳಿ ಮಾತ್ರ ಐದಕ್ಕ ಹಂಚೀವಿ."

ಮಲ್ಲಣ್ಣ ಸುಮ್ಮನೆ ಒಪ್ಪುವವನಲ್ಲ. "ಆದ್ರೂ ಆ ಐದು ಎಕರೆ ಆರರ ಮ್ಯಾಲ ಕೊಟ್ಟದ್ದು ಖರೇ ಅಲ್ಲೇನು?"

ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ರಾಶಿ ಮಷಿನ್‌ನವನ ಚೀಟಿಗಳಲ್ಲಿ ಸಿಕ್ಕಿತು. ಅವನು ಚೀಲಕ್ಕೆ ಇಷ್ಟು ಎಂದು ಬಾಡಿಗೆ ತೆಗೆದುಕೊಳ್ಳುತ್ತಾನೆ, ಹಾಗಾಗಿ ತುಕಡಿ ಬೇರೆ ಬೇರೆ ಬರೆದಿದ್ದ. ಐವತ್ತು ಕಿಲೋ ಚೀಲ. 2021ರಲ್ಲಿ ಮೇಲಿನ ಐದು ಎಕರೆಗೆ 58 ಚೀಲ, ತಗ್ಗಿನ ಮೂರಕ್ಕೆ 22. ಎಕರೆಗೆ 5.8 ಮತ್ತು 3.7. ಮೇಲಿನ ಹೊಲ ಒಳ್ಳೆಯ ವರ್ಷ ಆರರ ಆಸುಪಾಸು ಕೊಡುವಂಥದ್ದೇ. 2020ರಲ್ಲಿ ಹೊಸದೇನೂ ಆಗಿರಲಿಲ್ಲ, ಕಮ್ಮಿ ಕೊಡುವ ತುಕಡಿ ಲೆಕ್ಕದಿಂದ ಹೊರಬಿದ್ದಿತ್ತು, ಅಷ್ಟೇ.

"ಬಸಣ್ಣ ಕಾಕಾನ ಹೊಲ ಎಲ್ಲದ?"

"ನಮ್ಮ ತಗ್ಗಿಗಿ ಹತ್ತೇ ಅದ."

"ಅಂದ್ರ 3.7 ಹಿಡೀಬೇಕು, ಅದೂ ನೀರು ನಿಲ್ಲದಿದ್ರ. ಏಳು ಸಾವಿರದಂಗ 25,900. ಲಾವಣಿ ಹನ್ನೆರಡು, ನೀ ಹೇಳೋ ಖರ್ಚು ಹದಿನಾಲ್ಕು ಸಾವಿರ. ಎಕರೆಕ್ಕ ನೂರು ರೂಪಾಯಿ ಕೈಲಿಂದ ಹೋಗ್ತದ."

ಮಲ್ಲಣ್ಣ ವಹಿ ತನ್ನ ಕಡೆ ಎಳೆದುಕೊಂಡು ತಾನೇ ಒಂದು ಸಲ ಗುಣಿಸಿ ನೋಡಿದ. ಆಮೇಲೆ ಕಡಲೆಯ ಪುಟ ತಿರುಗಿಸಿದ.

"ನೀರು ಇಳಿದ ಮ್ಯಾಲ ತಗ್ಗಿನಾಗ ಕಡ್ಲಿ ಚಲೋ ಬಂದದ ನೋಡು. ಮುಂಗಾರಿಗಿ ಬ್ಯಾಡ. ಬರೇ ಹಿಂಗಾರಿಗಿ ಅರ್ಧಾ ರೇಟಿಗಿ ಕೊಡ್ತಾನೇನು ಕೇಳ್ತೀನಿ. ಆದ್ರ ಕಡ್ಲಿ ಲೆಕ್ಕನೂ ಇವತ್ತೇ ಹಿಂಗೇ ತುಕಡಿವಾರು ತೆಗಿ, ಆಮ್ಯಾಲ ಹೋಗ್ತೀನಿ."

ಶರಣು ತಂತಿಯಿಂದ ಕಡಲೆಯ ತಕಪಟ್ಟಿಗಳನ್ನು ಬಿಡಿಸತೊಡಗಿದ.