ಶನಿವಾರ 4 ಗಂಟೆಯ ಟ್ರಯಲ್ ಬಗ್ಗೆ

ಸುಮಕ್ಕ, ಜಯಕ್ಕ, ನಮಸ್ಕಾರ.

ಶನಿವಾರ ಸಂಜೆ 4 ಗಂಟೆಗೆ ಬ್ಲೌಸ್ ಟ್ರಯಲ್‌ಗೆ ಬನ್ನಿ ಅಂತ ನಿಮ್ಮಿಬ್ಬರಿಗೂ ಹೇಳಿಬಿಟ್ಟಿದ್ದೇನೆ. ತಪ್ಪು ಪೂರ್ತಿ ನನ್ನದು, ದಯವಿಟ್ಟು ಕ್ಷಮಿಸಿ. ಅವರಿಗೊಂದು ಇವರಿಗೊಂದು ಹೇಳಿದ ಹಾಗೆ ಆಗಬಾರದು ಅಂತ ಇಬ್ಬರಿಗೂ ಇದೇ ಮೆಸೇಜ್ ಕಳಿಸುತ್ತಿದ್ದೇನೆ.

ಸುಮಕ್ಕ ಅಂಗಡಿಗೆ ಬಂದಿದ್ದಾಗ ಸಮಯ ಡೈರಿಯಲ್ಲಿ ಬರೆದುಕೊಂಡೆ. ಎರಡು ದಿನ ಬಿಟ್ಟು ಜಯಕ್ಕ ಫೋನ್ ಮಾಡಿದಾಗ ನಾನು ಲೈನಿಂಗ್ ಬಟ್ಟೆ ತರಲು ಕಾಸರಗೋಡಿಗೆ ಹೋಗಿದ್ದೆ. ಡೈರಿ ಕೈಯಲ್ಲಿರಲಿಲ್ಲ. ಫೋನಿನಲ್ಲಿ ಗುರುತು ಹಾಕಿಕೊಂಡೆ, ಬಂದ ಮೇಲೆ ಡೈರಿಗೆ ಇಳಿಸಲು ಮರೆತೆ. ನಿನ್ನೆ ರಾತ್ರಿ ನೋಡುವಾಗಲೇ ಗೊತ್ತಾದದ್ದು.

ಅರ್ಧರ್ಧ ಗಂಟೆ ಮಾಡಿ ಇಬ್ಬರನ್ನೂ ಮುಗಿಸಲು ನನಗೆ ಮನಸ್ಸಿಲ್ಲ. ಮದುವೆಯ ಬ್ಲೌಸನ್ನು ಹಾಕಿ ನೋಡಿ ತೆಗೆದರೆ ಸಾಲದು. ಹುಡುಗಿ ಮಾಲೆ ಹಾಕಲು ಎರಡೂ ಕೈ ಎತ್ತುತ್ತಾಳಲ್ವಾ, ಆಗ ಕಂಕುಳಲ್ಲಿ ಎಳೆಯಬಾರದು. ಕೂತು, ಎದ್ದು, ಕೈ ಎತ್ತಿ ನೋಡಬೇಕು. ಬಿಗಿ ಇದ್ದರೆ ಅಲ್ಲೇ ಹೊಲಿಗೆ ಬಿಚ್ಚಿ, ಮಾರ್ಜಿನ್ ಬಿಟ್ಟು, ಹೊಲಿದು ಇನ್ನೊಮ್ಮೆ ಹಾಕಿಸಬೇಕು. ತೋಳಿಗೆ ಆರಿ ವರ್ಕ್ ಇದ್ದರೆ ಇನ್ನೂ ನಿಧಾನ, ಸೂಜಿ ತಾಗಿ ಒಂದು ಮಣಿ ಹೋದರೂ ಸಾಲೇ ಸಡಿಲ ಆಗುತ್ತದೆ. ಒಬ್ಬೊಬ್ಬರಿಗೆ ಒಂದು ಗಂಟೆ ಬೇಕೇ ಬೇಕು.

ಹಾಗಾಗಿ ಹೀಗೆ ಮಾಡಬಹುದಾ ನೋಡಿ. ಸುಮಕ್ಕ ಮೊದಲು ಹೇಳಿದವರು, ಮಗಳು ಹಾಸ್ಟೆಲಿನಿಂದ ಪೆರ್ಲ ಮುಟ್ಟುವುದೇ ಶನಿವಾರ ಮಧ್ಯಾಹ್ನ. 4 ಗಂಟೆ ಅವರಿಗೇ ಇರಲಿ. ಜಯಕ್ಕ, ನೀವು ಅದೇ ದಿನ ಬೆಳಗ್ಗೆ 10.30ಕ್ಕೆ ಬರಬಹುದಾ? ಆ ಹೊತ್ತಿಗೆ ಬೇರೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಬೆಳಗ್ಗೆ ಆಗುವುದೇ ಇಲ್ಲ ಅಂತಾದರೆ 4 ಗಂಟೆ ನೀವು ತೆಗೆದುಕೊಳ್ಳಿ, ಸುಮಕ್ಕ ಭಾನುವಾರ 9ಕ್ಕೆ ಬರಲಿ. ಭಾನುವಾರ ರಜೆ, ಆದರೂ ನಿಮಗೋಸ್ಕರ ಬಾಗಿಲು ತೆರೆಯುತ್ತೇನೆ. ಎರಡೂ ಸರಿ ಬಾರದಿದ್ದರೆ ಜಯಕ್ಕನ ಮನೆಗೆ ನಾನೇ ಬರುತ್ತೇನೆ. ನೀರ್ಚಾಲು ಇಲ್ಲಿಂದ ದೂರ ಏನಲ್ಲ. ಪಿನ್ ಹಾಕಿ ಗುರುತು ಮಾಡಿಕೊಂಡು ಬಂದು ಇಲ್ಲಿ ಹೊಲಿಯುತ್ತೇನೆ.

ನಿಮ್ಮಿಬ್ಬರ ಒಂದೊಂದು ಸೀರೆಗೆ ನನ್ನ ಲೆಕ್ಕದಲ್ಲಿ ಸೆರಗಿನ ಕುಚ್ಚು ಕಟ್ಟಿಕೊಡುತ್ತೇನೆ. ನೂಲಿನ ಬಣ್ಣ ನೀವೇ ಆರಿಸಿ. ಸಮಯ ಬದಲಾಯಿಸಿಕೊಂಡವರಿಗೆ ಫಾಲ್, ಜಿಗ್‌ಜಾಗ್ ಕೂಡ ನನ್ನದೇ. ಬಿಲ್ಲಿನಲ್ಲಿ ಇದ್ಯಾವುದೂ ಬರುವುದಿಲ್ಲ. ದಯವಿಟ್ಟು ಬೇಡ ಅನ್ನಬೇಡಿ.

ಇನ್ನು ಮೇಲೆ ಯಾರು ಫೋನ್ ಮಾಡಿದರೂ ಡೈರಿ ನೋಡಿಯೇ ಸಮಯ ಕೊಡುತ್ತೇನೆ. ಅಂಗಡಿಯಲ್ಲಿ ಇಲ್ಲದಿದ್ದರೆ, ಬಂದು ಹೇಳುತ್ತೇನೆ ಅಂತಲೇ ಹೇಳುವುದು.

ಗುರುವಾರ ಸಂಜೆಯೊಳಗೆ ಯಾವುದು ಅನುಕೂಲ ಅಂತ ಒಂದು ಮಾತು ತಿಳಿಸಿ. ಬರುವಾಗ ಸೀರೆ ಮತ್ತು ಅವತ್ತು ಹಾಕುವ ಒಳಬ್ಲೌಸ್ ಮರೆಯದೆ ತನ್ನಿ, ಅಳತೆ ಅದರ ಮೇಲೆಯೇ ಸರಿಯಾಗಿ ಸಿಗುವುದು.

ವಿಮಲಾ
ಬದಿಯಡ್ಕ